ದುಬೈನಿಂದ ಅಣ್ಣ ಕಳಿಸಿದ ಹಣ ಅಂಗಡಿಯ ಲೆಕ್ಕದಲ್ಲಿ ಏನು? ಬಂಡವಾಳವೋ, ಸಾಲವೋ, ಉಡುಗೊರೆಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಕೊಲ್ಲಿ ದೇಶದ ದುಡಿಮೆ ಬೆರೆಯದ ಅಂಗಡಿ ಸಾಲು ಸಿಗುವುದು ಕಷ್ಟ. ಅಣ್ಣ ದುಬೈಯಲ್ಲಿ, ತಮ್ಮ ಇಲ್ಲಿ ದಿನಸಿ ಅಂಗಡಿಯ ಗಲ್ಲಾದಲ್ಲಿ. ಹಣ ಬರುತ್ತದೆ, ಸಾಮಾನು ಬರುತ್ತದೆ, ವ್ಯಾಪಾರ ನಡೆಯುತ್ತದೆ. ಆ ಹಣ ಏನೆಂದು ಇಬ್ಬರೂ ಒಂದು ಮಾತು ಆಡಿಕೊಂಡಿರುವುದಿಲ್ಲ. ಮಾರ್ಚ್ ಮುಗಿದು ಲೆಕ್ಕ ಮುಚ್ಚುವಾಗ ಗುಮಾಸ್ತ ಕೇಳುತ್ತಾನೆ, ತಮ್ಮ ಯೋಚಿಸದೆ ಒಂದು ಉತ್ತರ ಕೊಡುತ್ತಾನೆ. ಹತ್ತು ವರ್ಷ ಕಳೆದು ಅಣ್ಣ ಊರಿಗೆ ಮರಳಿದಾಗ ಆ ಉತ್ತರವೇ ಇಬ್ಬರ ನಡುವೆ ಬಂದು ನಿಲ್ಲುತ್ತದೆ. ಅಂಗಡಿಗಳ ಲೆಕ್ಕ ಬರೆಯುತ್ತಾ ಇಂಥ ಮನೆಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲು ಯಾವುದನ್ನು ತೀರ್ಮಾನಿಸಬೇಕು?

ಅಂಗಡಿ ಯಾರದು ಎಂಬುದನ್ನು. ಹಣದ ಹೆಸರು ಅದರ ನಂತರದ ಮಾತು.

ವ್ಯಾಪಾರ ಪರವಾನಗಿ, ಜಿಎಸ್‌ಟಿ ನೋಂದಣಿ, ಕರೆಂಟ್ ಖಾತೆ ಮೂರೂ ತಮ್ಮನ ಹೆಸರಿನಲ್ಲಿದ್ದರೆ ಅದು ತಮ್ಮನ ಏಕವ್ಯಕ್ತಿ ಅಂಗಡಿ. ಊರವರು ಅದನ್ನು ಮನೆಯವರೆಲ್ಲರ ಅಂಗಡಿ ಎಂದು ಕರೆಯಬಹುದು, ಲೆಕ್ಕಕ್ಕೂ ತೆರಿಗೆಗೂ ಅದು ಅವನೊಬ್ಬನದೇ. ಏಕವ್ಯಕ್ತಿ ಅಂಗಡಿಯಲ್ಲಿ ಬಂಡವಾಳ ಖಾತೆ ಒಂದೇ, ಅದು ಮಾಲೀಕನದು. ಆದ್ದರಿಂದ ‘ಅಣ್ಣನ ಬಂಡವಾಳ’ ಎಂಬ ಖಾತೆಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ. ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ. ಅಣ್ಣನಿಗೂ ಬಂಡವಾಳವಿದೆ ಎಂದು ಬರೆದರೆ ಅಂಗಡಿಗೆ ಇಬ್ಬರು ಮಾಲೀಕರಿದ್ದಾರೆ ಎಂದು ಹೇಳಿದಂತಾಯಿತು. ಹಾಗಿದ್ದರೆ ಅದಕ್ಕೆ ಪಾಲುದಾರಿಕೆ ಪತ್ರ ಬೇಕು, ಬೇರೆ ಪ್ಯಾನ್ ಬೇಕು, ಬೇರೆ ರಿಟರ್ನ್ ಬೇಕು.

ಅಂಗಡಿಯೇ ಅಣ್ಣನ ಹೆಸರಿನಲ್ಲಿದ್ದು, ತಮ್ಮ ನೋಡಿಕೊಳ್ಳುವವನು ಮಾತ್ರ ಆಗಿದ್ದರೆ ಪ್ರಶ್ನೆ ಸುಲಭ. ಅಣ್ಣ ಕಳಿಸಿದ್ದೆಲ್ಲ ಅವನದೇ ಬಂಡವಾಳ, ಅವನಿಗೆ ಹೋದದ್ದು ಡ್ರಾಯಿಂಗ್ಸ್, ಅಂದರೆ ಮಾಲೀಕ ಸ್ವಂತಕ್ಕೆ ತೆಗೆದ ಹಣ. ತಮ್ಮನಿಗೆ ಕೊಡುವುದು ಸಂಬಳ.

ಹಾಗಾದರೆ ತಮ್ಮನ ಅಂಗಡಿಯಲ್ಲಿ ಎಷ್ಟು ದಾರಿಗಳಿವೆ?

ಎರಡೇ. ಹಣ ಒಂದು ದಿನ ಮರಳಬೇಕಾದದ್ದು ಎಂದಾದರೆ ಸಾಲ. ಮರಳಬೇಕಿಲ್ಲ ಎಂದಾದರೆ ಅದು ಅಣ್ಣ ತಮ್ಮನಿಗೆ ಕೊಟ್ಟ ಉಡುಗೊರೆ. ತಮ್ಮ ಅದನ್ನು ತನ್ನ ಅಂಗಡಿಗೆ ಹಾಕಿದಾಗ ಅದು ತಮ್ಮನ ಬಂಡವಾಳ. ಉಡುಗೊರೆಯೂ ಬಂಡವಾಳವೂ ಇಲ್ಲಿ ಎರಡು ಬೇರೆ ಆಯ್ಕೆಗಳಲ್ಲ, ಒಂದೇ ಹಣದ ಎರಡು ಹೆಜ್ಜೆಗಳು. ಅಂಗಡಿಗೆ ಉಡುಗೊರೆ ಕೊಡಲು ಬರುವುದಿಲ್ಲ, ಮನುಷ್ಯನಿಗೆ ಕೊಡಬೇಕು.

ಮರಳಬೇಕೋ ಬೇಡವೋ ಎಂಬುದನ್ನು ಹಣ ಬಂದ ವಾರದಲ್ಲೇ ಕೇಳಿ. ‘ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಅದನ್ನು ಸಾಲವೆಂದೇ ಬರೆಯಿರಿ. ಸಾಲವನ್ನು ಮುಂದೊಂದು ದಿನ ಬಿಟ್ಟುಕೊಟ್ಟು ಉಡುಗೊರೆ ಮಾಡಬಹುದು. ಉಡುಗೊರೆ ಎಂದು ಬರೆದದ್ದನ್ನು ಸಾಲವಾಗಿ ತಿರುಗಿಸಲು ಆಗುವುದಿಲ್ಲ.

ಒಂದು ಉದಾಹರಣೆ ಹಿಡಿದು ತೋರಿಸುತ್ತೀರಾ?

ಕುಂದಾಪುರದ ಒಂದು ದಿನಸಿ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಮಾಲೀಕ ತಮ್ಮ. ಅಣ್ಣನಿಂದ ಒಂದೇ ಆರ್ಥಿಕ ವರ್ಷದಲ್ಲಿ ಮೂರು ಸಲ ಹಣ ಬಂದಿದೆ. ಜೂನ್ 2023ರಲ್ಲಿ ₹4,00,000, ಗಾಜಿನ ಬಾಗಿಲಿನ ಫ್ರಿಜ್ ಮತ್ತು ಕಬ್ಬಿಣದ ರ‍್ಯಾಕ್‌ಗಳಿಗೆ. ಫೋನಿನಲ್ಲಿ ಅಣ್ಣ ಹೇಳಿದ ಮಾತು: ‘ಇದು ನಿನಗೆ. ವಾಪಸ್ ಕೊಡುವ ಯೋಚನೆ ಮಾಡಬೇಡ.’ ಅಕ್ಟೋಬರ್‌ನಲ್ಲಿ ₹60,000, ಅಮ್ಮನ ಆಸ್ಪತ್ರೆಯ ಖರ್ಚಿಗೆ. ಮಾರ್ಚ್ 2024ರಲ್ಲಿ 11,000 ದಿರ್ಹಮ್, ಯುಗಾದಿಯ ಮೊದಲು ಸಾಮಾನು ತುಂಬಲು. ಒಂದು ದಿರ್ಹಮ್‌ಗೆ ₹22.50ರಂತೆ ಖಾತೆಗೆ ಬಿದ್ದದ್ದು ₹2,47,500. ‘ಅನುಕೂಲವಾದಾಗ ಕೊಡು, ಇಲ್ಲಿ ನನಗೂ ಮನೆ ಬಾಡಿಗೆ ಇದೆ’ ಎಂದಿದ್ದ.

ಮೂರೂ ಒಂದೇ ಕರೆಂಟ್ ಖಾತೆಗೆ ಬಂದವು. ಗುಮಾಸ್ತ ‘ಅಣ್ಣನ ಖಾತೆ’ ಎಂಬ ಒಂದೇ ಹಾಳೆ ತೆರೆದು ₹7,07,500 ಪೂರ್ತಿಯನ್ನು ಸಾಲವೆಂದು ಬರೆದ. ಆಸ್ಪತ್ರೆಗೆ ತೆಗೆದ ₹60,000 ಡ್ರಾಯಿಂಗ್ಸ್ ಆಗಿ ತಮ್ಮನ ಬಂಡವಾಳದಿಂದ ಕಳೆಯಿತು. ವರ್ಷಾಂತ್ಯಕ್ಕೆ ಬ್ಯಾಲೆನ್ಸ್ ಶೀಟ್ ತೋರಿಸಿದ್ದು ಬಂಡವಾಳ ₹2,90,000, ಸಾಲ ₹7,07,500. ಮಾಲೀಕ ಹಾಕಿದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು ಸಾಲ! ಆ ಕಾಗದ ಹಿಡಿದು ಬ್ಯಾಂಕಿಗೆ ಓವರ್‌ಡ್ರಾಫ್ಟ್ ಕೇಳಲು ಹೋದರೆ ವ್ಯವಸ್ಥಾಪಕರ ಮುಖ ಹೇಗಾಗುತ್ತದೆ ಎಂದು ಹೇಳಬೇಕಿಲ್ಲ.

ಅಣ್ಣ ಆಡಿದ ಮಾತಿನಂತೆಯೇ ಬರೆದಿದ್ದರೆ ಹೀಗಾಗುತ್ತಿತ್ತು. ₹4,00,000 ಉಡುಗೊರೆ, ಆದ್ದರಿಂದ ತಮ್ಮನ ಬಂಡವಾಳಕ್ಕೆ ಜಮೆ. ₹60,000 ಅಂಗಡಿಯದೇ ಅಲ್ಲ, ದಾರಿ ತಪ್ಪಿ ಅಂಗಡಿಯ ಖಾತೆಗೆ ಬಂದ ಮನೆಯ ಹಣ. ಬಂದಾಗ ಬಂಡವಾಳಕ್ಕೆ ಜಮೆ, ಆಸ್ಪತ್ರೆಗೆ ತೆಗೆದಾಗ ಡ್ರಾಯಿಂಗ್ಸ್. ಒಂದಕ್ಕೊಂದು ವಜಾ ಆಗುತ್ತದೆ. ಮಾರ್ಚ್‌ನ ₹2,47,500 ಮಾತ್ರ ಸಾಲ. ಈಗ ಬಂಡವಾಳ ₹7,50,000, ಸಾಲ ₹2,47,500. ಅದೇ ಅಂಗಡಿ, ಅದೇ ಹಣ, ಅದೇ ಫ್ರಿಜ್. ಸಾಲ ಬಂಡವಾಳದ ಮೂರನೇ ಒಂದು ಭಾಗಕ್ಕೆ ಇಳಿಯಿತು.

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವರು ಮೊದಲ ಎರಡು ಮೊತ್ತವನ್ನು `Capital Account` ಗುಂಪಿನಡಿ, ಮೂರನೆಯದನ್ನು `Unsecured Loans` ಗುಂಪಿನಡಿ ಇಡಬೇಕು. `Sundry Creditors` ಅಡಿ ಹಾಕಿದರೆ ಅಣ್ಣ ಸಾಮಾನು ಕೊಟ್ಟ ವ್ಯಾಪಾರಿಯಾಗಿಬಿಡುತ್ತಾನೆ. ಮಾರಾಟಕ್ಕೆ ಸೇರಿಸಿದರಂತೂ ಜಿಎಸ್‌ಟಿ ರಿಟರ್ನ್‌ನ ವಹಿವಾಟಿಗೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ.

ಅಣ್ಣನ ಉಡುಗೊರೆಗೆ ತೆರಿಗೆ ಇದೆಯೇ?

ಅಣ್ಣನಿಂದ ಬಂದರೆ ಇಲ್ಲ, ಮೊತ್ತ ಎಷ್ಟೇ ಇರಲಿ. ಆದರೆ ಆದಾಯ ತೆರಿಗೆಯವರ ‘ಸಂಬಂಧಿ’ ಪಟ್ಟಿ ನಮ್ಮ ಮನೆಯ ಬಳಗಕ್ಕಿಂತ ಚಿಕ್ಕದು. ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಗಂಡ ಹೆಂಡತಿಯ ಒಡಹುಟ್ಟಿದವರು, ತಂದೆ ತಾಯಿಯ ಒಡಹುಟ್ಟಿದವರು, ತನ್ನ ಮತ್ತು ಸಂಗಾತಿಯ ನೇರ ಸಾಲಿನ ಹಿರಿಯರು ಮತ್ತು ಮಕ್ಕಳು ಮೊಮ್ಮಕ್ಕಳು, ಇವರ ಸಂಗಾತಿಗಳು. ಈ ಪಟ್ಟಿಯ ಹೊರಗಿನವರಿಂದ ಒಂದು ವರ್ಷದಲ್ಲಿ ಒಟ್ಟು ₹50,000 ಮೀರಿ ಬಂದರೆ, ಮೀರಿದ ಭಾಗಕ್ಕೆ ಮಾತ್ರವಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ.

ಇಲ್ಲಿ ಒಂದು ತಿರುವು ಇದೆ. ಪಟ್ಟಿಯನ್ನು ಹಣ ಪಡೆಯುವವನ ಕಡೆಯಿಂದ ಓದಬೇಕು. ಮಸ್ಕತ್‌ನಲ್ಲಿರುವ ಚಿಕ್ಕಪ್ಪ ಇಲ್ಲಿನ ಅಣ್ಣನ ಮಗನಿಗೆ ಕೊಟ್ಟರೆ ತೆರಿಗೆಯಿಲ್ಲ, ಏಕೆಂದರೆ ಚಿಕ್ಕಪ್ಪ ಪಡೆಯುವವನ ತಂದೆಯ ಒಡಹುಟ್ಟಿದವನು. ಅದೇ ಹುಡುಗ ಮಸ್ಕತ್‌ಗೆ ಹೋಗಿ ದುಡಿದು, ತನ್ನನ್ನು ಓದಿಸಿದ ಚಿಕ್ಕಪ್ಪನ ಅಂಗಡಿಗೆಂದು ಎರಡು ಲಕ್ಷ ಕೊಟ್ಟರೆ ಚಿಕ್ಕಪ್ಪನಿಗೆ ತೆರಿಗೆ ಬೀಳುತ್ತದೆ, ಏಕೆಂದರೆ ಅಣ್ಣನ ಮಗ ಚಿಕ್ಕಪ್ಪನ ಪಟ್ಟಿಯಲ್ಲಿ ಇಲ್ಲ. ದೊಡ್ಡಪ್ಪನ ಮಗ, ಸೋದರಮಾವನ ಮಗ ಎರಡು ಕಡೆಯಿಂದಲೂ ಪಟ್ಟಿಯಲ್ಲಿಲ್ಲ. ಇಂಥವರಿಂದ ಬರುವ ಹಣ ನಿಜವಾಗಿ ಮರಳಿಸುವಂಥದ್ದಾದರೆ ಮೊದಲ ದಿನವೇ ಸಾಲಪತ್ರ ಮಾಡಿಕೊಳ್ಳಿ.

ಅಂಗಡಿ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಉಡುಗೊರೆ ನೇರವಾಗಿ ಸಂಸ್ಥೆಯ ಖಾತೆಗೆ ಬರಲೇಬಾರದು. ಸಂಸ್ಥೆಗೆ ಅಣ್ಣನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಪಾಲುದಾರನ ಉಳಿತಾಯ ಖಾತೆಗೆ ಬರಲಿ, ಅಲ್ಲಿಂದ ಅವನ ಬಂಡವಾಳವಾಗಿ ಸಂಸ್ಥೆಗೆ ಹೋಗಲಿ.

ಸಾಲವೆಂದು ಬರೆದರೆ ಯಾವ ಕಾಗದ ಇರಬೇಕು?

ಒಂದು ಪುಟದ ಪತ್ರ ಸಾಕು, ಆದರೆ ಹಣ ಬಂದ ಹೊತ್ತಿನದೇ ಆಗಿರಬೇಕು. ಅದರಲ್ಲಿ ಮೊತ್ತ, ಬಂದ ದಿನ, ಮರಳಿಸುವ ಅವಧಿ, ಬಡ್ಡಿ ಇದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿರಲಿ. ಇನ್ನೊಂದು ವಾಕ್ಯವನ್ನು ಎಲ್ಲರೂ ಮರೆಯುತ್ತಾರೆ: ಸಾಲ ರೂಪಾಯಿಯದೋ ದಿರ್ಹಮ್‌ನದೋ? ದಿರ್ಹಮ್ ಡಾಲರಿಗೆ ಗಂಟು ಹಾಕಿಕೊಂಡ ನಾಣ್ಯ, ಒಂದು ಡಾಲರಿಗೆ 3.6725. ರೂಪಾಯಿ ಡಾಲರಿನೆದುರು ಇಳಿದಾಗೆಲ್ಲ ದಿರ್ಹಮ್ ದುಬಾರಿಯಾಗುತ್ತದೆ. ನಮ್ಮ ಉದಾಹರಣೆಯ 11,000 ದಿರ್ಹಮ್‌ ಅನ್ನು ₹24ರ ದರದಲ್ಲಿ ಮರಳಿಸಬೇಕಾದರೆ ₹2,64,000 ಬೇಕು, ಅಂದರೆ ಬಡ್ಡಿಯೇ ಇಲ್ಲದ ಸಾಲದಲ್ಲಿ ₹16,500 ಹೆಚ್ಚು. ಆ ನಷ್ಟ ಯಾರದು ಎಂದು ಮೊದಲೇ ಬರೆದಿರದಿದ್ದರೆ ತಮ್ಮ ರೂಪಾಯಿ ಎಣಿಸುತ್ತಾನೆ, ಅಣ್ಣ ದಿರ್ಹಮ್ ಎಣಿಸುತ್ತಾನೆ. ಇಬ್ಬರೂ ಪ್ರಾಮಾಣಿಕರೇ, ಆದರೂ ಮನಸ್ಸು ಮುರಿಯುತ್ತದೆ.

ವಿದೇಶಿ ವಿನಿಮಯದ ನಿಯಮವೂ ಇದೆ. 2018ರ ಸಾಲ ನಿಯಮಾವಳಿಯಂತೆ ಇಲ್ಲಿ ವಾಸಿಸುವ ವ್ಯಕ್ತಿ ಹೊರದೇಶದ ಸಂಬಂಧಿಯಿಂದ 2,50,000 ಡಾಲರ್‌ವರೆಗೆ ಸಾಲ ಪಡೆಯಬಹುದು. ಬ್ಯಾಂಕಿನ ಮೂಲಕವೇ ಬರಬೇಕು, ಕನಿಷ್ಠ ಒಂದು ವರ್ಷದ ಅವಧಿ ಇರಬೇಕು, ಬಡ್ಡಿ ಇರಬಾರದು ಎಂಬವು ಹಿಂದಿನಿಂದ ನಡೆದು ಬಂದ ಷರತ್ತುಗಳು. ಆ ನಿಯಮದ ‘ಸಂಬಂಧಿ’ ಪಟ್ಟಿ ತೆರಿಗೆಯ ಪಟ್ಟಿಗಿಂತಲೂ ಚಿಕ್ಕದು: ತಂದೆ ತಾಯಿ, ಸಂಗಾತಿ, ಮಗ ಸೊಸೆ, ಮಗಳು ಅಳಿಯ, ಅಣ್ಣ ತಮ್ಮ ಅಕ್ಕ ತಂಗಿ, ಅವಿಭಕ್ತ ಕುಟುಂಬದ ಸದಸ್ಯರು. ಚಿಕ್ಕಪ್ಪ ಉಡುಗೊರೆಯ ಪಟ್ಟಿಯಲ್ಲಿದ್ದಾನೆ, ಈ ಪಟ್ಟಿಯಲ್ಲಿ ಹೆಸರಿಸಿಲ್ಲ. ಚಿಕ್ಕಪ್ಪನಿಂದ ಸಾಲ ಪಡೆಯುವವರು ಹಣ ಬರುವ ಮೊದಲೇ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೇಳಿಕೊಳ್ಳಬೇಕು.

ಬಡ್ಡಿ ಕೊಟ್ಟರೆ ಅಂಗಡಿಗೆ ಖರ್ಚು ಸಿಗುತ್ತದೆ ಅಲ್ಲವೇ?

ಸಿಗುವುದಕ್ಕಿಂತ ತೊಡಕೇ ಹೆಚ್ಚು. ಅನಿವಾಸಿಗೆ ಕೊಡುವ ಬಡ್ಡಿಯಲ್ಲಿ ಮೊದಲ ರೂಪಾಯಿಯಿಂದಲೇ ಟಿಡಿಎಸ್ ಹಿಡಿಯಬೇಕು, ಇಲ್ಲಿನವರಿಗೆ ಇರುವಂಥ ಕನಿಷ್ಠ ಮಿತಿ ಇಲ್ಲ. ಹಿಡಿಯದಿದ್ದರೆ ಆ ಬಡ್ಡಿಯನ್ನು ಖರ್ಚೆಂದು ಒಪ್ಪುವುದಿಲ್ಲ. ಚಿಕ್ಕ ಅಂಗಡಿಗೆ ಬಡ್ಡಿಯಿಲ್ಲದ ಸಾಲವೇ ನೆಮ್ಮದಿ.

ಸಾಲದ ಪತ್ರ ಒಮ್ಮೆ ಮಾಡಿದರೆ ಮುಗಿಯಿತೇ?

ಇಲ್ಲ. ಅವಧಿ ಬರೆಯದ ಕೈಸಾಲದ ವಸೂಲಿಗೆ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ಆ ಮೂರು ವರ್ಷದೊಳಗೆ ಸಾಲ ಪಡೆದವನು ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಅಲ್ಲಿಂದ ಮತ್ತೆ ಮೂರು ವರ್ಷ. ತೆರಿಗೆ ಅಧಿಕಾರಿಗೆ ಬೇಕಾದದ್ದು ಕೊಟ್ಟವನ ದೃಢೀಕರಣ, ಅಣ್ಣನ ರಕ್ಷಣೆಗೆ ಬೇಕಾದದ್ದು ತಮ್ಮನ ಒಪ್ಪಿಗೆ. ಪ್ರತಿ ಮಾರ್ಚ್ 31ಕ್ಕೆ ಒಂದೇ ಹಾಳೆಯಲ್ಲಿ ಬಾಕಿ ಬರೆದು ಇಬ್ಬರೂ ಸಹಿ ಹಾಕಿದರೆ ಎರಡೂ ಕೆಲಸ ಆಗುತ್ತದೆ. ಅಣ್ಣ ರಜೆಗೆ ಊರಿಗೆ ಬಂದಾಗ ಈ ಹಾಳೆಗೆ ಸಹಿ ಹಾಕಿಸಿಕೊಳ್ಳುವ ಒಂದು ಮನೆಯನ್ನು ನಾನು ಬಲ್ಲೆ. ಹಾಳೆಗಳೆಲ್ಲ ದೇವರ ಕೋಣೆಯ ಕಪಾಟಿನಲ್ಲಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿವೆ. ಅಣ್ಣ ತಮ್ಮಂದಿರು ಇಂದಿಗೂ ಒಟ್ಟಿಗೆ ಊಟ ಮಾಡುತ್ತಾರೆ.

ಬ್ಯಾಂಕ್ ಕೇಳುವ ‘ಪರ್ಪಸ್ ಕೋಡ್’ ಏನು? ಅದಕ್ಕೂ ಲೆಕ್ಕಕ್ಕೂ ಏನು ಸಂಬಂಧ?

ಹೊರಗಿನಿಂದ ಬರುವ ಪ್ರತಿ ಹಣಕ್ಕೂ ಅದು ಏತಕ್ಕೆ ಬಂತೆಂದು ಬ್ಯಾಂಕ್ ಒಂದು ಸಂಕೇತ ದಾಖಲಿಸುತ್ತದೆ. `P1301` ಎಂದರೆ ಕುಟುಂಬ ನಿರ್ವಹಣೆ ಮತ್ತು ಉಳಿತಾಯ, `P1302` ಎಂದರೆ ವೈಯಕ್ತಿಕ ಉಡುಗೊರೆ. ಅಲ್ಲಿನ ಹಣ ರವಾನೆಯ ಕೌಂಟರಿನಲ್ಲಿ ಅಣ್ಣ ಏನೂ ಹೇಳದಿದ್ದರೆ ಹೆಚ್ಚಾಗಿ ಬೀಳುವುದು ಕುಟುಂಬ ನಿರ್ವಹಣೆ. ಹೀಗೆ ಬಂದ ಹಣವನ್ನು ನೀವು ಸಾಲವೆಂದು ಬರೆದಾಗ ಪುಸ್ತಕ ಒಂದು ಮಾತು ಹೇಳುತ್ತದೆ, ಬ್ಯಾಂಕಿನ ದಾಖಲೆ ಇನ್ನೊಂದು ಹೇಳುತ್ತದೆ. ಇದು ನೋವು ಕೊಡುವುದು ಮರಳಿಸುವ ದಿನ. ದುಬೈಗೆ ಸಾಲ ತೀರಿಸಲು ಹೋದರೆ ಬ್ಯಾಂಕ್ ಸಾಲ ಬಂದದ್ದಕ್ಕೆ ದಾಖಲೆ ಕೇಳುತ್ತದೆ, ನಿಮ್ಮ ಕೈಯಲ್ಲಿರುವ ರವಾನೆ ಪತ್ರ ಮನೆ ಖರ್ಚು ಎನ್ನುತ್ತದೆ.

ಆದ್ದರಿಂದ ಕಳಿಸುವ ಮೊದಲು ಅಣ್ಣನಿಗೆ ಒಂದು ಮಾತು ಹೇಳಿ: ಪ್ರತಿ ಉದ್ದೇಶಕ್ಕೆ ಬೇರೆ ಬೇರೆ ರವಾನೆ, ಉಡುಗೊರೆಯೂ ಮನೆ ಖರ್ಚೂ ಉಳಿತಾಯ ಖಾತೆಗೆ, ಅಂಗಡಿಯ ಸಾಲ ಮಾತ್ರ ಕರೆಂಟ್ ಖಾತೆಗೆ. ಇನ್ನು ಗುರುತು ಸಂಖ್ಯೆ ತೋರಿಸಿ ನಿಮಿಷಗಳಲ್ಲಿ ಹಣ ಪಡೆಯುವ ತ್ವರಿತ ರವಾನೆ ವ್ಯವಸ್ಥೆ ಇರುವುದು ವೈಯಕ್ತಿಕ ಅಗತ್ಯಕ್ಕೆ. ಅದರಲ್ಲಿ ಒಂದು ಸಲಕ್ಕೆ 2,500 ಡಾಲರ್ ಮಿತಿ, ವರ್ಷಕ್ಕೆ ಮೂವತ್ತು ಸಲ. ಅಂಗಡಿಯ ಬಂಡವಾಳ ಅಥವಾ ಸಾಲಕ್ಕೆ ಆ ದಾರಿ ಬಳಸಬೇಡಿ.

ತೆರಿಗೆ ಅಧಿಕಾರಿ ಪ್ರಶ್ನಿಸಿದರೆ ಏನನ್ನು ತೋರಿಸಬೇಕು?

ಪುಸ್ತಕದಲ್ಲಿ ಜಮೆಯಾದ ಹಣದ ಬಗ್ಗೆ ಅವರು ಕೇಳುವುದು ಮೂರು: ಕೊಟ್ಟವರು ಯಾರು, ಕೊಡುವ ಶಕ್ತಿ ಅವರಿಗಿತ್ತೇ, ವ್ಯವಹಾರ ನಿಜವೇ. 1961ರ ಕಾಯ್ದೆಯಲ್ಲಿ ಇದು 68ನೇ ಕಲಂ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ, ಪ್ರಶ್ನೆಗಳು ಇವೇ. 2022ರ ತಿದ್ದುಪಡಿಯ ಬಳಿಕ ಸಾಲಕ್ಕೆ ಇನ್ನೊಂದು ಹೆಜ್ಜೆ ಸೇರಿದೆ: ಸಾಲ ಕೊಟ್ಟವನಿಗೆ ಆ ಹಣ ಎಲ್ಲಿಂದ ಬಂತು ಎಂಬುದಕ್ಕೂ ವಿವರಣೆ ಬೇಕು.

ಹಾಗಾಗಿ ಅಣ್ಣನ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಸಂಬಳದ ಪತ್ರ, ಹಣ ಕಳಿಸಿದ ತಿಂಗಳುಗಳ ಅಲ್ಲಿನ ಬ್ಯಾಂಕ್ ವಿವರ, ಇಲ್ಲಿನ ಬ್ಯಾಂಕ್ ಕೊಟ್ಟ ರವಾನೆ ಪತ್ರ ಇವನ್ನು ಆಗಿಂದಾಗಲೇ ತೆಗೆದಿಡಿ. ಅಣ್ಣ ಕೆಲಸ ಬದಲಿಸಿದ ಮೇಲೆ, ಅಲ್ಲಿನ ಖಾತೆ ಮುಚ್ಚಿದ ಮೇಲೆ ಇವು ಸಿಗುವುದಿಲ್ಲ. ತಿಂಗಳಿಗೆ 4,000 ದಿರ್ಹಮ್ ಸಂಬಳದವನು ಒಂದೇ ಸಲಕ್ಕೆ 60,000 ದಿರ್ಹಮ್ ಕಳಿಸಿದ್ದರೆ, ಚೀಟಿ ಎತ್ತಿದ್ದೋ ಬ್ಯಾಂಕ್ ಸಾಲವೋ ಗೆಳೆಯರಿಂದ ಕೂಡಿಸಿದ್ದೋ ಎಂಬುದಕ್ಕೂ ಚೂರು ಕಾಗದ ಇರಲಿ. ವಿವರಣೆ ಒಪ್ಪಿಗೆಯಾಗದಿದ್ದರೆ ಆ ಜಮೆಯೇ ನಿಮ್ಮ ಆದಾಯವಾಗುತ್ತದೆ, ಅದಕ್ಕೆ ಸಾಮಾನ್ಯ ದರವೂ ಅನ್ವಯಿಸುವುದಿಲ್ಲ.

ಪುಸ್ತಕ ಬರೆಯುವುದಿಲ್ಲ, ಅಂದಾಜು ಲಾಭದ ರಿಟರ್ನ್ ಸಲ್ಲಿಸುತ್ತೇನೆ. ಇದೆಲ್ಲ ಬೇಕೇ?

ಬೇಕು. `ITR-4` ನಮೂನೆಯಲ್ಲೂ ಬಂಡವಾಳ, ಭದ್ರತೆಯಿಲ್ಲದ ಸಾಲ ಎಂಬ ಅಂಕಣಗಳಿವೆ.

ಗಂಡ ಹೊರದೇಶದಲ್ಲಿ, ಹೆಂಡತಿಯ ಹೆಸರಿನಲ್ಲಿ ಅಂಗಡಿ. ಅವರು ಕಳಿಸಿದ್ದೂ ಉಡುಗೊರೆಯೇ?

ಉಡುಗೊರೆಯೇ, ಪಡೆದದ್ದಕ್ಕೆ ತೆರಿಗೆಯಿಲ್ಲ. ಆದರೆ ಆ ಹಣದಿಂದ ಹುಟ್ಟಿದ ಲಾಭದ ಪಾಲು ಗಂಡನ ಆದಾಯಕ್ಕೆ ಸೇರುತ್ತದೆ. ವರ್ಷದ ಮೊದಲ ದಿನ ಅಂಗಡಿಯಲ್ಲಿದ್ದ ಆಕೆಯ ಒಟ್ಟು ಹೂಡಿಕೆ ₹10,00,000, ಅದರಲ್ಲಿ ಗಂಡ ಕೊಟ್ಟದ್ದು ₹6,00,000, ಆ ವರ್ಷದ ಲಾಭ ₹3,00,000 ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಆರು ಪಾಲು, ಅಂದರೆ ₹1,80,000 ಗಂಡನ ಲೆಕ್ಕಕ್ಕೆ, ₹1,20,000 ಹೆಂಡತಿಯ ಲೆಕ್ಕಕ್ಕೆ. ಅತ್ತೆ ಮಾವ ಸೊಸೆಗೆ ಕೊಟ್ಟರೂ ಇದೇ ನಿಯಮ. ಅಣ್ಣ ತಮ್ಮನಿಗೆ ಕೊಟ್ಟರೆ ಇದು ಇಲ್ಲ.

ದಿನವಿಡೀ ಅಂಗಡಿಯಲ್ಲಿ ನಿಂತು ದುಡಿಯುವವಳು ಹೆಂಡತಿ, ಲಾಭ ಮಾತ್ರ ಗಂಡನ ಹೆಸರಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ನಿಜವಾಗಿ ಮರಳಿಸುವ ಸಾಲವಾಗಿ ಪಡೆದು, ಲಾಭ ಬಂದಂತೆ ತೀರಿಸುತ್ತಾ ಹೋದರೆ ಅಂಗಡಿ ಅವಳ ದುಡಿಮೆಯಿಂದಲೇ ಅವಳದಾಗುತ್ತದೆ. ತೀರಿಸಿದ ಗುರುತು ಬ್ಯಾಂಕಿನಲ್ಲಿ ಕಾಣಬೇಕು, ಬರೀ ಹೆಸರಿನ ಸಾಲ ನಿಲ್ಲುವುದಿಲ್ಲ.

ಅಣ್ಣನಿಗೆ ಅಂಗಡಿಯಲ್ಲಿ ನಿಜವಾಗಿಯೂ ಪಾಲು ಕೊಡಬೇಕೆಂದಿದ್ದೇವೆ. ಆಗ?

ಆಗ ಪಾಲುದಾರಿಕೆ ಪತ್ರ ಬರೆಯಿರಿ, ಲಾಭ ನಷ್ಟದ ಪಾಲು ನಮೂದಿಸಿ, ಸಂಸ್ಥೆಯ ಹೆಸರಿನಲ್ಲಿ ಪ್ಯಾನ್, ಖಾತೆ, ಜಿಎಸ್‌ಟಿ ಮಾಡಿಸಿ. ಅನಿವಾಸಿ ಭಾರತೀಯರು ಇಂಥ ಸಂಸ್ಥೆಯಲ್ಲಿ ಬಂಡವಾಳ ಹಾಕಬಹುದು, ಆದರೆ ಕೃಷಿ ಮತ್ತು ತೋಟಗಾರಿಕೆ, ಮುದ್ರಣ ಮಾಧ್ಯಮ, ರಿಯಲ್ ಎಸ್ಟೇಟ್ ವ್ಯವಹಾರಗಳಲ್ಲಿ ಆಗದು. ಆ ಬಂಡವಾಳ ಹೊರದೇಶಕ್ಕೆ ಮರಳಿಸುವ ಹಕ್ಕಿಲ್ಲದ್ದು; ಹಿಂತೆಗೆದಾಗ ಅಣ್ಣನ ಎನ್‌ಆರ್‌ಒ ಖಾತೆಗೆ ಬರುತ್ತದೆ. ನಷ್ಟವಾದರೆ ಅದರಲ್ಲೂ ಅಣ್ಣನಿಗೆ ಪಾಲು. ಇದನ್ನು ಬಾಯಿಬಿಟ್ಟು ಹೇಳಿ, ಏಕೆಂದರೆ ‘ಪಾಲು’ ಎಂದಾಗ ಎಲ್ಲರಿಗೂ ಕಾಣುವುದು ಲಾಭ ಮಾತ್ರ.

ಪರಿಚಯದವರ ಕೈಯಲ್ಲಿ ನಗದಾಗಿ ಬಂದ ಹಣವನ್ನು ಏನೆಂದು ಬರೆಯಬೇಕು?

ಅದನ್ನು ಸರಿಪಡಿಸುವ ನಮೂದು ಇಲ್ಲ. ಅಲ್ಲಿ ದಿರ್ಹಮ್ ಪಡೆದು ಇಲ್ಲಿ ಯಾರೋ ರೂಪಾಯಿ ಕೊಡುವುದು ವಿದೇಶಿ ವಿನಿಮಯ ಕಾಯ್ದೆಯ ಉಲ್ಲಂಘನೆ, ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಮೇಲಾಗಿ ₹20,000 ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೇರೆ. ಕೌಂಟರಿನ ಶುಲ್ಕ ಉಳಿಸಲು ಹೋಗಿ ಈ ಹೊಂಡಕ್ಕೆ ಬೀಳಬೇಡಿ.

ಹಳೆಯ ವರ್ಷಗಳಲ್ಲಿ ಎಲ್ಲವನ್ನೂ ತಪ್ಪಾಗಿ ಸಾಲವೆಂದು ಬರೆದಿದ್ದೇವೆ. ಈಗ ತಿದ್ದಬಹುದೇ?

ತಿದ್ದಬಹುದು, ಇಂದಿನ ದಿನಾಂಕದಲ್ಲಿ. ಹಳೆಯ ದಿನಾಂಕ ಹಾಕಿದ ಪತ್ರ ಮಾಡಿಸಲು ಹೋಗಬೇಡಿ, ಇ-ಸ್ಟ್ಯಾಂಪ್ ಕಾಗದದ ಮೇಲೆ ಅದು ಹುಟ್ಟಿದ ದಿನವೂ ಗಂಟೆಯೂ ಅಚ್ಚಾಗಿರುತ್ತದೆ. ಕುಂದಾಪುರದ ಉದಾಹರಣೆಯನ್ನೇ ಹಿಡಿದರೆ, ಅಣ್ಣನಿಗೆ ಆ ಹಣ ಬೇಡವಾದರೆ ಹೀಗೆ ಒಂದು ಪತ್ರ ಬರೆಯಲಿ: ಇಂಥ ದಿನ ಬ್ಯಾಂಕಿನ ಮೂಲಕ ಕೊಟ್ಟ ಸಾಲದಲ್ಲಿ ₹4,60,000 ಬಾಕಿಯನ್ನು ತಮ್ಮನ ಮೇಲಿನ ಪ್ರೀತಿಯಿಂದ ಇಂದಿನಿಂದ ಉಡುಗೊರೆಯಾಗಿ ಬಿಟ್ಟುಕೊಟ್ಟಿದ್ದೇನೆ. ಅದೇ ದಿನ ಜರ್ನಲ್‌ನಲ್ಲಿ ಅಣ್ಣನ ಸಾಲದ ಖಾತೆಗೆ ಡೆಬಿಟ್, ತಮ್ಮನ ಬಂಡವಾಳ ಖಾತೆಗೆ ಜಮೆ. ಲಾಭ ನಷ್ಟದ ಖಾತೆಗೆ ತರಬೇಡಿ, ಅದು ವ್ಯಾಪಾರದ ಗಳಿಕೆಯಲ್ಲ. ಉಳಿದ ₹2,47,500ಕ್ಕೆ ಬಾಕಿ ದೃಢೀಕರಣದ ಹಾಳೆ ಬರೆದು ಇಬ್ಬರೂ ಸಹಿ ಹಾಕಿ.

ಪತ್ರಕ್ಕೆ ಸಹಿ ಹಾಕುವ ದಿನ ಅತ್ತಿಗೆಯೂ ಅಮ್ಮನೂ ಎದುರಿಗಿರಲಿ. ವಿಡಿಯೊ ಕರೆಯಲ್ಲಾದರೂ ಸರಿ, ಪತ್ರವನ್ನು ಅವರಿಗೆ ಓದಿ ಹೇಳಿ, ಒಂದು ಪ್ರತಿ ಅತ್ತಿಗೆಯ ಕೈಯಲ್ಲಿ ಇರಲಿ.